ಮಾರ್ಚ್ 31ಕ್ಕೆ ನಮ್ಮನೆಯವರು ಕೆಲಸ ಬಿಡ್ತಾರೆ: ಆರು ತಿಂಗಳ ದುಡ್ಡು ಅಂದ್ರೆ ನಿಜವಾಗಿ ಎಷ್ಟು?

ವಿಜಯನಗರ 4ನೇ ಹಂತ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮನೆಯವರು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ 9 ವರ್ಷದಿಂದ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿದ್ದಾರೆ. ಕೈಗೆ ಬರೋದು 50,000. ಈಗ ಅದನ್ನು ಬಿಟ್ಟು, ಫ್ಯಾಕ್ಟರಿಗಳಿಗೆ ಪ್ಯಾನೆಲ್ ಬೋರ್ಡ್ ವೈರಿಂಗ್, ಬದಲಾವಣೆ, ರಿಪೇರಿ ಕೆಲಸ ಸ್ವಂತವಾಗಿ ಹಿಡಿಯೋಣ ಅಂತಿದ್ದಾರೆ. ಕೆಲಸ ಸಿಗೋದರ ಬಗ್ಗೆ ನನಗೆ ಅನುಮಾನ ಇಲ್ಲ, ಈಗಾಗಲೇ ಎರಡು ಕಡೆ ಮಾತಾಗಿದೆ. ಎರಡು ತಿಂಗಳ ನೋಟಿಸ್ ಇದೆ, ಪತ್ರ ಇನ್ನೂ ಕೊಟ್ಟಿಲ್ಲ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, 28,000 ಬರುತ್ತೆ.

ತಿಂಗಳ ಖರ್ಚು ಹೀಗಿದೆ: ಮನೆ ಸಾಲದ ಕಂತು 19,400, ದಿನಸಿ-ಹಾಲು-ತರಕಾರಿ-ಗ್ಯಾಸ್ 15,000, ಕರೆಂಟು-ನೀರು-ಫೋನು 2,600, ಪೆಟ್ರೋಲ್ 4,500, ಅತ್ತೆ ಮಾವನ ಔಷಧಿ 3,500, ಚೀಟಿ 5,000, ಚಿಲ್ಲರೆ 6,000. ಒಟ್ಟು 56,000. ನನ್ನ ಸಂಬಳ ಕಳೆದರೆ 28,000 ಕಮ್ಮಿ ಬೀಳುತ್ತೆ. ಆರು ತಿಂಗಳಿಗೆ 1,68,000. ಎಫ್‌ಡಿಯಲ್ಲಿ 4,20,000 ಇದೆ. ಹಾಗಾದರೆ 1,68,000 ಮನೆಗೆ ಇಟ್ಟು ಉಳಿದ ಎರಡೂವರೆ ಲಕ್ಷ ಕೆಲಸಕ್ಕೆ ಹಾಕಬಹುದು ಅಂತ ಅವರ ಲೆಕ್ಕ. ಇದರಲ್ಲಿ ಏನಾದರೂ ತಪ್ಪಿದ್ದರೆ ಹೇಳಿ.

ಮಂಡ್ಯದ ಮಗ

ಮೇಡಂ, ಲೆಕ್ಕ ಚೆನ್ನಾಗೇ ಇದೆ. ಎಫ್‌ಡಿ ಯಾಕೆ ಮುಟ್ತೀರಾ? 9 ವರ್ಷದ ಪಿಎಫ್ ಇರುತ್ತಲ್ಲ, ಅದನ್ನ ತೆಗೆದು ಬಂಡವಾಳ ಮಾಡ್ಕೊಳ್ಳಿ. ಐದು ವರ್ಷ ದಾಟಿದ್ರೆ ಟ್ಯಾಕ್ಸ್ ಕೂಡ ಇಲ್ಲ. ಚೀಟಿನೂ ಈಗ್ಲೇ ಕೂಗಿ ಎತ್ಕೊಂಡ್ಬಿಡಿ. ಕೈಲಿ ದುಡ್ಡಿದ್ರೆ ಯಾವ ಕೆಲಸನಾದ್ರೂ ಹಿಡೀಬಹುದು.

ಕ್ಯಾಷ್‌ಬುಕ್ ಮೈಸೂರು

ಮೇಡಂ, ನೀವು ಬರೆದಿರೋದು ತಿಂಗಳ ಖರ್ಚು ಮಾತ್ರ. ವರ್ಷಕ್ಕೊಮ್ಮೆ, ಎರಡು ಸಲ ಬರೋ ಖರ್ಚು ಇದರಲ್ಲಿ ಒಂದೂ ಇಲ್ಲ. ಮಕ್ಕಳ ಸ್ಕೂಲ್ ಫೀಸ್, ಎಲ್‌ಐಸಿ, ಗಾಡಿ ಇನ್ಶೂರೆನ್ಸ್, ಮನೆ ಕಂದಾಯ, ಹಬ್ಬ, ಬಟ್ಟೆ. ಇವೆಲ್ಲ ಎಷ್ಟು, ಯಾವ ತಿಂಗಳು ಅಂತ ಹೇಳಿ. ಫ್ಯಾಕ್ಟರಿಯ ಆರೋಗ್ಯ ವಿಮೆ ನಿಂತ ಮೇಲೆ ಮನೆಯವರಿಗೆ ಬೇರೆ ಪಾಲಿಸಿ ಬೇಕಲ್ಲ, ಅದಕ್ಕೆ ಪ್ರೀಮಿಯಂ ಎಷ್ಟು ಅಂತ ಕೇಳಿದ್ದೀರಾ?

ವಿಜಯನಗರ 4ನೇ ಹಂತ

ಇಬ್ಬರು ಮಕ್ಕಳ ಫೀಸ್ 1,10,000. ಜೂನ್‌ನಲ್ಲಿ 60,000, ಅಕ್ಟೋಬರ್‌ನಲ್ಲಿ 50,000. ಎಲ್‌ಐಸಿ ಡಿಸೆಂಬರ್‌ನಲ್ಲಿ 36,000. ಗಾಡಿಗಳ ಇನ್ಶೂರೆನ್ಸ್ 9,000. ಕಂದಾಯ 5,000, ಏಪ್ರಿಲ್‌ನಲ್ಲಿ ಕಟ್ಟಿದ್ರೆ 5% ರಿಯಾಯಿತಿ ಅಂತ ಆಗಲೇ ಕಟ್ಟಿಬಿಡ್ತೀವಿ. ಹಬ್ಬ, ಬಟ್ಟೆ, ಊರ ಜಾತ್ರೆ ಸೇರಿ 30,000. ಆರೋಗ್ಯ ವಿಮೆ ನಾವಿಬ್ಬರು ಮತ್ತು ಮಕ್ಕಳಿಗೆ ವರ್ಷಕ್ಕೆ 26,000 ಅಂದ್ರು.

ಕ್ಯಾಷ್‌ಬುಕ್ ಮೈಸೂರು

ಕೂಡಿದರೆ 2,16,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 18,000. ಅಂದರೆ ನಿಮ್ಮ ಮನೆ ನಡೆಯೋದು 56,000ದಲ್ಲಲ್ಲ, 74,000ದಲ್ಲಿ. ನಿಮ್ಮ ಸಂಬಳ ಕಳೆದರೆ ಪ್ರತಿ ತಿಂಗಳು 46,000 ಬೇಕು. ಆರು ತಿಂಗಳಿಗೆ 1,68,000 ಅಲ್ಲ, 2,76,000. ನಿಮ್ಮ ಲೆಕ್ಕಕ್ಕೂ ಇದಕ್ಕೂ ಒಂದು ಲಕ್ಷ ಎಂಟು ಸಾವಿರ ವ್ಯತ್ಯಾಸ. ಇಷ್ಟು ದಿನ ಇದು ಕಣ್ಣಿಗೆ ಬೀಳದೇ ಇದ್ದದ್ದಕ್ಕೆ ಕಾರಣ, ಜೂನ್ ತಿಂಗಳ ಫೀಸನ್ನು ಏಪ್ರಿಲ್, ಮೇ ಸಂಬಳದ ಉಳಿಕೆ ಹೊತ್ತುಕೊಳ್ತಿತ್ತು. ಆ ಉಳಿಕೆ ಇನ್ನು ಇರೋದಿಲ್ಲ.

ಇನ್ನೊಂದು ಮಾತು. ಸರಾಸರಿ ಮೇಲೆ ಹೋದರೂ ಸಾಲದು, ಯಾವ ತಿಂಗಳು ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೀಬೇಕು. ಮಾರ್ಚ್ 31ಕ್ಕೆ ಬಿಟ್ಟರೆ ಏಪ್ರಿಲ್, ಮೇ, ಜೂನ್ ಮೂರು ತಿಂಗಳಿಗೆ ಮಾಮೂಲಿ ಕೊರತೆ 84,000, ಕಂದಾಯ 5,000, ಫೀಸ್ 60,000, ಒಟ್ಟು 1,49,000. ಬಿಡುವ ಮುಂಚೆ ಕಟ್ಟೋ ಆರೋಗ್ಯ ವಿಮೆ 26,000 ಸೇರಿದರೆ 1,75,000. ನೀವು ಆರು ತಿಂಗಳಿಗೆ ಅಂತ ಎತ್ತಿಟ್ಟ ದುಡ್ಡು ಮೂರೇ ತಿಂಗಳಲ್ಲಿ ಪೂರ್ತಿ ಖಾಲಿ.

ನಂಜನಗೂಡು ಲೈನ್

ಅಕ್ಕ, ನಾನು ಇದೇ ಕಾಂಟ್ರಾಕ್ಟ್ ಲೈನಲ್ಲಿರೋನು. ಮನೆ ಖರ್ಚಿನ ವಿಷ್ಯ ಸರ್ ಸರಿಯಾಗಿ ಹೇಳವ್ರೆ. ಆದ್ರೆ ನಿಮ್ಮ ದುಡ್ಡು ಮುಳುಗೋದು ಅಲ್ಲಲ್ಲ. ಕೆಲ್ಸ ಸಿಗದೇ ಮುಳುಗೋರು ಕಮ್ಮಿ, ಕೆಲ್ಸ ಜಾಸ್ತಿ ಸಿಕ್ಕಿ ಮುಳುಗೋರೇ ಹೆಚ್ಚು. ನಿಮ್ಮನೆಯವ್ರು ಎರಡು ಕಡೆ ಮಾತಾಡವ್ರಲ್ಲ, ಅಲ್ಲಿ ಪೇಮೆಂಟ್ ಎಷ್ಟು ದಿನಕ್ಕೆ, ಮಟೀರಿಯಲ್ ಯಾರ್ದು? ಇವೆರಡು ಗೊತ್ತಾಗದೆ ಬಂಡವಾಳದ ಮಾತೇ ಬೇಡ.

ವಿಜಯನಗರ 4ನೇ ಹಂತ

ಕೇಳಿದೆ. ಮಟೀರಿಯಲ್ ನಮ್ಮದೇ. ಪೇಮೆಂಟ್ 60 ದಿನ. ಒಂದು ಪ್ಯಾನೆಲ್ ಕೆಲಸ ಸುಮಾರು 1,80,000ಕ್ಕೆ ಕೋಟ್ ಮಾಡಿದ್ದಾರೆ. ಮಟೀರಿಯಲ್ 1,10,000, ಹುಡುಗರ ಕೂಲಿ 20,000, ಉಳಿಯೋದು 50,000. ತಿಂಗಳಿಗೆ ಒಂದು ಕೆಲಸ ಆದರೂ ಸಂಬಳಕ್ಕೆ ಸಮ ಅಂತಾರೆ.

ನಂಜನಗೂಡು ಲೈನ್

60 ದಿನ ಯಾವತ್ತಿಂದ? ಬಹಳ ಜನ ಬಿಲ್ ಕೊಟ್ಟ ದಿನದಿಂದ ಅಂದ್ಕೋತಾರೆ. ಅಲ್ಲ. ಕೆಲ್ಸ ಮುಗೀಬೇಕು, ಮೇಂಟೆನೆನ್ಸ್ ಇಂಜಿನಿಯರು ಕಂಪ್ಲೀಶನ್ ಪೇಪರ್‌ಗೆ ಸೈನ್ ಹಾಕ್ಬೇಕು, ಅದರ ಮೇಲೆ ಕಂಪ್ಯೂಟರಲ್ಲಿ ಸರ್ವಿಸ್ ಎಂಟ್ರಿ ಆಗ್ಬೇಕು, ಆಮೇಲೆ ಅಕೌಂಟ್ಸ್‌ನೋರು ಬಿಲ್ ಬುಕ್ ಮಾಡ್ತಾರೆ. 60 ದಿನ ಲೆಕ್ಕ ಶುರುವಾಗೋದು ಬುಕ್ ಆದ ದಿನದಿಂದ. ಇಂಜಿನಿಯರು ರಜೆ ಅಂತ ಹತ್ತು ದಿನ ಹೋಯ್ತು ಅನ್ನಿ, ಪೇಮೆಂಟೂ ಹತ್ತು ದಿನ ಮುಂದೆ. ತಿಂಗಳ ಕೊನೇ ವಾರ ಕೊಟ್ಟ ಬಿಲ್ ಮುಂದಿನ ತಿಂಗಳಿಗೆ ತಳ್ಳಿಹೋಗುತ್ತೆ. ಮಟೀರಿಯಲ್ ಗೇಟಲ್ಲಿ ಒಳಗೆ ತಗೊಂಡೋಗುವಾಗ ಇನ್‌ವರ್ಡ್ ಸೀಲ್ ಹಾಕ್ಸಿಲ್ಲಾಂದ್ರೆ ಬಿಲ್ ಜೊತೆ ಆ ಚಲನ್ ಇಲ್ಲ ಅಂತ ವಾಪಸ್ ಬರುತ್ತೆ. ಇಂಥ ಸಣ್ಣ ಸೀಲಿಗೆ ಹದಿನೈದು ದಿನ ನಿಂತುಹೋಗುತ್ತೆ ಅಕ್ಕ.

ಏಪ್ರಿಲ್ ಮೊದಲ ವಾರ ಮಟೀರಿಯಲ್ ತಂದ್ರು, ಕೊನೇಲಿ ಕೆಲ್ಸ ಮುಗೀತು, ಮೇ 5ಕ್ಕೆ ಬುಕ್ ಆಯ್ತು, ದುಡ್ಡು ಬರೋದು ಜುಲೈ 5ರ ಸುಮಾರಿಗೆ. ಅಂಗಡೀಲಿ ಮಟೀರಿಯಲ್‌ಗೆ ದುಡ್ಡು ಕೊಟ್ಟ ದಿನದಿಂದ ಮೂರು ತಿಂಗಳು.

ಕ್ಯಾಷ್‌ಬುಕ್ ಮೈಸೂರು

ಇವರು ಹೇಳಿದ ಮೂರು ತಿಂಗಳನ್ನು ಇಟ್ಟುಕೊಂಡು ಒಂದು ಕೆಲಸದ ಲೆಕ್ಕ ಪೂರ್ತಿ ಹಾಕ್ತೀನಿ. ಇದರಲ್ಲಿ ಜಿಎಸ್‌ಟಿ ಸೇರಿಸಲೇಬೇಕು. ತಿಂಗಳಿಗೆ 1,80,000ದ ಒಂದು ಕೆಲಸ ಅಂದರೆ ವರ್ಷಕ್ಕೆ 21,60,000. ಸರ್ವಿಸ್ ಕೆಲಸಕ್ಕೆ ನಮ್ಮಲ್ಲಿ 20 ಲಕ್ಷ ಮಿತಿ, ಅದನ್ನು ದಾಟುತ್ತೆ. ನೋಂದಣಿ ಬೇಕು.

ಮಟೀರಿಯಲ್‌ಗೆ 1,10,000, ಅದರ ಮೇಲೆ 18% ಜಿಎಸ್‌ಟಿ 19,800. ಕೂಲಿ 20,000. ನಿಮ್ಮ ಬಿಲ್ಲಿನ ಜಿಎಸ್‌ಟಿ 32,400, ಅದರಲ್ಲಿ ಮಟೀರಿಯಲ್‌ಗೆ ಕಟ್ಟಿದ 19,800 ಕಳೆದು 12,600 ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಬಿಲ್ ಮಾಡಿದ ಮುಂದಿನ ತಿಂಗಳೇ ಕಟ್ಟಬೇಕು, ಫ್ಯಾಕ್ಟರಿ ನಿಮಗೆ ದುಡ್ಡು ಕೊಟ್ಟಿರಲಿ ಬಿಡಲಿ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಯೋಜನೆ ತಗೊಂಡರೂ ಮೊದಲ ಎರಡು ತಿಂಗಳ ತೆರಿಗೆ ಅದರ ಮುಂದಿನ ತಿಂಗಳ 25ರೊಳಗೆ ಹೋಗಬೇಕು, ಮೂರನೇ ತಿಂಗಳದ್ದು ರಿಟರ್ನ್ ಜೊತೆ. ಎಲ್ಲ ಸೇರಿ ನಿಮ್ಮ ಕೈಯಿಂದ ಹೋಗೋದು 1,62,400. ಜುಲೈನಲ್ಲಿ ಬರೋದು 2,12,400ರಲ್ಲಿ, ಜಿಎಸ್‌ಟಿ ಬಿಟ್ಟ 1,80,000ದ ಮೇಲಿನ 1% ಟಿಡಿಎಸ್ 1,800 ಹಿಡಿದು 2,10,600. ತೆರಿಗೆ ಬೀಳದಿದ್ದರೆ ಆ ಟಿಡಿಎಸ್, ಆದಾಯ ತೆರಿಗೆ ರಿಟರ್ನ್ ಹಾಕಿದ ಮೇಲೆ ವಾಪಸ್ಸಾಗುತ್ತೆ.

ಒಂದು ಕೆಲಸಕ್ಕೆ 1,62,400 ಮೂರು ತಿಂಗಳು ಸಿಕ್ಕಿಹಾಕಿಕೊಂಡರೆ, ಮೊದಲನೆಯದರ ದುಡ್ಡು ಬರೋ ಹೊತ್ತಿಗೆ ಮೂರು ಕೆಲಸ ಆಗಿರುತ್ತೆ, 4,87,200 ಹೊರಗಿರುತ್ತೆ. ನಿಮ್ಮ ಎಫ್‌ಡಿಗಿಂತ ಜಾಸ್ತಿ. ಅದರ ಮೇಲೆ ಮನೆಗೆ 2,76,000 ಬೇಕು. ತಿಂಗಳಿಗೆ ಐವತ್ತು ಸಾವಿರ ಲಾಭ ಅನ್ನೋದು ನಿಜ, ಆದರೆ ಆ ಲಾಭ ಕೈಗೆ ಬರೋವರೆಗೆ ತಡೆದುಕೊಳ್ಳೋಕೆ ಏಳೂವರೆ ಲಕ್ಷ ಬೇಕು.

ಮಂಡ್ಯದ ಮಗ

ಅದಕ್ಕೇ ನಾ ಹೇಳಿದ್ದು ಪಿಎಫ್ ತೆಗೀರಿ ಅಂತ.

ಕ್ಯಾಷ್‌ಬುಕ್ ಮೈಸೂರು

ತೆರಿಗೆ ಇಲ್ಲ ಅನ್ನೋದರಲ್ಲಿ ನೀವು ಸರಿ. ಆದರೆ ಪಿಎಫ್ ದುಡ್ಡನ್ನು ಕೆಲಸಕ್ಕೆ ಹಾಕಿದರೆ ಅದೂ ಇದೇ ತೊಂಬತ್ತು ದಿನದ ಗುಂಡಿಗೆ ಹೋಗಿ ಕೂರುತ್ತೆ. ಗುಂಡಿ ಚಿಕ್ಕದು ಮಾಡೋದು ಬಿಟ್ಟು ತುಂಬೋಕೆ ಹೋದರೆ ಎಷ್ಟು ಹಾಕಿದರೂ ಸಾಲದು. ಪಿಎಫ್‌ನಲ್ಲಿ ಹೊಸದಾಗಿ ಕಟ್ಟೋಕೆ ಆಗದಿದ್ದರೂ ಇರುವ ದುಡ್ಡಿಗೆ ಬಡ್ಡಿ ಬರ್ತಾ ಇರುತ್ತೆ, ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ಮಾತ್ರ ತೆರಿಗೆ. ಎಲ್ಲಾ ಮುಗಿದ ಮೇಲಿನ ಕೊನೆಯ ಬಾಗಿಲಾಗಿ ಅದು ಇರಲಿ.

ಗ್ರಾಚ್ಯುಟಿ ಬೇರೆ ವಿಷಯ, ಅದು ಹೇಗೂ ಬರುತ್ತೆ. ಮೂಲ ವೇತನ ಮತ್ತು ಡಿಎ ಎಷ್ಟು?

ವಿಜಯನಗರ 4ನೇ ಹಂತ

26,000.

ಕ್ಯಾಷ್‌ಬುಕ್ ಮೈಸೂರು

26,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000. ಒಂಬತ್ತು ವರ್ಷಕ್ಕೆ 1,35,000. ಮೂವತ್ತು ದಿನದೊಳಗೆ ಕೊಡಬೇಕು ಅಂತ ಕಾನೂನಿದೆ, ಆದರೂ ಖಾತೆಗೆ ಬೀಳೋವರೆಗೆ ಖರ್ಚಿನ ಪಟ್ಟಿಗೆ ಸೇರಿಸಬೇಡಿ. ಬಂದ ಮೇಲೆ ಎಫ್‌ಡಿ ಸೇರಿ 5,55,000. ಮನೆಗೆ 2,76,000 ಎತ್ತಿಟ್ಟರೆ ಕೆಲಸಕ್ಕೆ ಉಳಿಯೋದು 2,79,000. ಒಂದು ಕೆಲಸಕ್ಕೆ 1,62,400 ಬೇಕು. ಅಂದರೆ ಮಟೀರಿಯಲ್ ಸಹಿತ, ಸಾಲದ ಮೇಲೆ ಮಾಡೋ ಕೆಲಸ ಒಂದು ಹೊತ್ತಿಗೆ ಒಂದೇ. ಎರಡನೆಯದನ್ನು ಒಪ್ಪಿಕೊಂಡ ದಿನವೇ ಮಕ್ಕಳ ಫೀಸಿನ ದುಡ್ಡಿಗೆ ಕೈ ಹಾಕಿದ ಹಾಗೆ.

ನಂಜನಗೂಡು ಲೈನ್

ಅದಕ್ಕೆ ದಾರಿ ಐತೆ. ಮೊದಲ ಆರು ತಿಂಗಳು ಮಟೀರಿಯಲ್ ಕಂಪ್ನಿಯೋರೇ ಕೊಡ್ಲಿ, ಕೆಲ್ಸ ಮಾತ್ರ ನಮ್ದು ಅಂತ ಕೇಳ್ಲಿ. ಬಿಲ್ 65,000 ಆಗ್ಬಹುದು. ಕೂಲಿ 20,000 ಹೋದ್ರೆ 45,000 ಉಳೀತು. ಮಟೀರಿಯಲ್ ಮೇಲಿನ ಐದು ಸಾವಿರ ಲಾಭ ಹೋಯ್ತು ಸರಿ, ಆದ್ರೆ ಸಿಕ್ಕಿಹಾಕ್ಕೊಳ್ಳೋ ದುಡ್ಡು 1,62,400 ಇದ್ದದ್ದು 20,000ಕ್ಕೆ ಬಂತು. ಮೂರು ಕೆಲ್ಸ ಬಾಕಿ ಇದ್ರೂ ಅರವತ್ತು ಸಾವ್ರ ಅಷ್ಟೇ. ಪರ್ಚೇಸ್‌ನೋರಿಗೂ ಇದು ಕಷ್ಟ ಏನಲ್ಲ, ಕಾಂಟ್ಯಾಕ್ಟರು, ಎಂಸಿಬಿ, ಕೇಬಲ್ ಎಲ್ಲ ಅವ್ರ ಸ್ಟೋರ್ಸ್‌ಗೆ ಡೀಲರ್ ರೇಟಲ್ಲೇ ಬರುತ್ತೆ. ಆದ್ರೆ ಒಂದು ಎಚ್ಚರಿಕೆ. ಸ್ಟೋರ್ಸಿಂದ ಮಟೀರಿಯಲ್ ತಡ ಆದ್ರೆ ಹುಡುಗ್ರು ಸುಮ್ನೆ ಕೂತಿರ್ತಾರೆ, ಕೂಲಿ ನೀವೇ ಕೊಡ್ಬೇಕು. ಎಲ್ಲ ಐಟಮ್ ಸ್ಟೋರ್ಸ್‌ನಲ್ಲಿ ಬಂದಿದೆ ಅಂತ ಕಣ್ಣಲ್ಲಿ ನೋಡ್ಕೊಂಡು ಆಮೇಲೆ ಹುಡುಗ್ರನ್ನ ಕರ್ಕೊಂಡೋಗ್ಲಿ.

ಒಪ್ಪಲಿಲ್ವಾ, ಪಿಒ ಅಂದ್ರೆ ಪರ್ಚೇಸ್ ಆರ್ಡರ್, ಅದರ ಜೊತೆ 40% ಅಡ್ವಾನ್ಸ್ ಬರೆಸ್ಕೊಳ್ಳಿ. ಬಾಯಿಮಾತಲ್ಲಿ ಬೇಡ. ಪಿಒ ಕೈಗೆ ಬರದೆ ಒಂದು ಮೀಟರ್ ಕೇಬಲ್ಲೂ ತರಬಾರ್ದು.

ಕ್ಯಾಷ್‌ಬುಕ್ ಮೈಸೂರು

ಮಟೀರಿಯಲ್ ಇಲ್ಲದ ಕೆಲಸ ಮಾಡಿದರೆ ಇನ್ನೊಂದು ಅನುಕೂಲ. ತಿಂಗಳಿಗೆ 65,000 ಅಂದರೆ ವರ್ಷಕ್ಕೆ 7,80,000. 20 ಲಕ್ಷದ ಮಿತಿಗೆ ದೂರ, ಮೊದಲ ವರ್ಷ ಜಿಎಸ್‌ಟಿ ನೋಂದಣಿ ಬೇಕಾಗಲ್ಲ. ಕೆಲವು ಫ್ಯಾಕ್ಟರಿಗಳು ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ವೆಂಡರ್ ಕೋಡೇ ಕೊಡಲ್ಲ, ಅದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ನೋಂದಣಿ ಮಾಡಿಸಲೇಬೇಕಾದರೆ, ಮೂರು ತಿಂಗಳ ರಿಟರ್ನ್ ಯೋಜನೆಯಲ್ಲಿದ್ದವರು ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಅದರ ಮುಂದಿನ ತಿಂಗಳ 13ರೊಳಗೆ ಜಿಎಸ್‌ಟಿ ಪೋರ್ಟಲ್‌ನ ಐಎಫ್‌ಎಫ್ ಅನ್ನೋ ಬಿಲ್ ಪಟ್ಟಿಯಲ್ಲಿ ಹಾಕಬೇಕು. ಹಾಕದಿದ್ದರೆ ಫ್ಯಾಕ್ಟರಿಗೆ ಆ ತೆರಿಗೆಯ ಕ್ರೆಡಿಟ್ ಕಾಣಿಸಲ್ಲ, ಅವರು ಬಿಲ್ಲಿನ ದುಡ್ಡು ಕೊಟ್ಟರೂ ಜಿಎಸ್‌ಟಿ ಭಾಗ ತಡೆಹಿಡಿಯುತ್ತಾರೆ. ನೀವು ಸರ್ಕಾರಕ್ಕೆ ಕಟ್ಟಿ ಆಗಿರುತ್ತೆ, ಅವರಿಂದ ಬಂದಿರಲ್ಲ. ಅಡ್ವಾನ್ಸ್ ತಗೊಂಡರೆ ಸರ್ವಿಸ್ ಕೆಲಸದಲ್ಲಿ ಅದಕ್ಕೂ ಆ ತಿಂಗಳೇ ಜಿಎಸ್‌ಟಿ ಬೀಳುತ್ತೆ, ಪೂರ್ತಿ ಅಡ್ವಾನ್ಸ್ ಖರ್ಚು ಮಾಡಿಬಿಡಬೇಡಿ.

ಹೆಬ್ಬಾಳ ಟೈಲರಿಂಗ್

ನಮ್ಮದೂ ಇದೇ ಪ್ರಶ್ನೆ. ನನ್ನ ಹೆಂಡತಿ ಆಫೀಸ್ ಕೆಲಸ ಬಿಟ್ಟು ಬ್ಲೌಸ್ ಹೊಲಿಯೋ ಅಂಗಡಿ ಹಾಕಿದ್ದಾಳೆ. ದಿನಾ ದುಡ್ಡು ಬರುತ್ತೆ, ಯಾರೂ ಸಾಲ ಹೇಳಲ್ಲ. ಆದರೂ ತಿಂಗಳ ಕೊನೆಗೆ ಕೈಲಿ ಏನೂ ಇರಲ್ಲ. ನಾವೂ ಜಿಎಸ್‌ಟಿ ಮಾಡಿಸಬೇಕಾ?

ಕ್ಯಾಷ್‌ಬುಕ್ ಮೈಸೂರು

ಸರ್, ನಿಮ್ಮದು ಬೇರೆ ಕಾಯಿಲೆ. ಜಿಎಸ್‌ಟಿಗೂ ಇದಕ್ಕೂ ಸಂಬಂಧ ಇಲ್ಲ. ಅಂಗಡಿ ಡಬ್ಬದಿಂದಲೇ ಹಾಲು ತರಕಾರಿಗೆ ದುಡ್ಡು ಹೋಗ್ತಿರಬೇಕು. ಅಂಗಡಿ ಫೋನ್‌ಪೇಗೂ ಮನೆ ಫೋನ್‌ಪೇಗೂ ಒಂದೇ ಖಾತೆ ಇದೆಯಾ ನೋಡಿ. ಎರಡು ಖಾತೆ ಮಾಡಿ, ಅಂಗಡಿಗೆ ಬಂದದ್ದೆಲ್ಲ ಒಂದರಲ್ಲೇ ಬೀಳಲಿ, ತಿಂಗಳಿಗೊಮ್ಮೆ ಮಾತ್ರ ಗೊತ್ತಾದ ಮೊತ್ತ ಮನೆ ಖಾತೆಗೆ ಬರಲಿ. ಮೂರು ತಿಂಗಳು ಹಾಗೆ ಮಾಡಿದರೆ ಅಂಗಡಿ ನಿಜವಾಗಿ ಎಷ್ಟು ದುಡೀತಿದೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟೇ ಹೇಳುತ್ತೆ.

ಮೇಡಂ, ಇದು ನಿಮಗೂ ಬೇಕು. ಕೆಲಸದ ಖಾತೆಯಿಂದ ಪ್ರತಿ ತಿಂಗಳು 1ನೇ ತಾರೀಖು ಮನೆ ಖಾತೆಗೆ 46,000. ಹೆಚ್ಚು ಬಂದ ತಿಂಗಳೂ 46,000 ಮಾತ್ರ. ಕೆಲಸದ ಖಾತೆಯಲ್ಲಿ ಇಲ್ಲದಿದ್ದರೆ 2,76,000ದಿಂದ ತೆಗೀರಿ, ಆದರೆ ಎಷ್ಟು ತೆಗೆದ್ರಿ ಅಂತ ಬಾಗಿಲ ಹಿಂದಿನ ಕ್ಯಾಲೆಂಡರ್ ಮೇಲೇ ಬರೀರಿ, ಇಬ್ಬರ ಕಣ್ಣಿಗೂ ಬೀಳಲಿ. ಮನೆಗೆ ಬಂದ 46,000ದಲ್ಲಿ 18,000 ವರ್ಷದ ಖರ್ಚಿಗೆ ಅಂತ ಆರ್‌ಡಿಗೋ ಬೇರೆ ಉಳಿತಾಯ ಖಾತೆಗೋ ತಕ್ಷಣ ಹೋಗಬೇಕು.

ಮನೆ ಸಾಲದ ಕಂತು ಅವರ ಸಂಬಳದ ಖಾತೆಯಿಂದ ಕಟ್ ಆಗ್ತಿದೆಯಾ? ಸಂಬಳ ನಿಂತ ಕೆಲವು ತಿಂಗಳ ಮೇಲೆ ಎಷ್ಟೋ ಬ್ಯಾಂಕುಗಳಲ್ಲಿ ಅದು ಸಾಮಾನ್ಯ ಖಾತೆ ಆಗಿಬಿಡುತ್ತೆ, ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಕಡಿದು, ಕಂತಿಗೆ ನೂರು ರೂಪಾಯಿ ಕಮ್ಮಿಯಾಗಿ ಬೌನ್ಸ್ ಆಗುತ್ತೆ. ಈಗಲೇ ಕಂತನ್ನು ನಿಮ್ಮ ಸಂಬಳದ ಖಾತೆಗೆ ಬದಲಾಯಿಸಿ.

ಸರಸ್ವತಿಪುರಂ ವಸುಧಾ

ಆರೋಗ್ಯ ವಿಮೆ ಬಗ್ಗೆ ಒಂದೆರಡು ಮಾತು. ಫ್ಯಾಕ್ಟರಿಯ ಗುಂಪು ಪಾಲಿಸಿ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತೆ. ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಕವರ್ ಇರಲ್ಲ, ಮೊದಲೇ ಇದ್ದ ಬಿಪಿ, ಶುಗರ್ ಇತ್ಯಾದಿಗೆ 3 ವರ್ಷದವರೆಗೆ ಕಾಯಿಸಬಹುದು. ಅದಕ್ಕೇ ಕೊನೆಯ ದಿನದ ಕನಿಷ್ಠ ಎರಡು ತಿಂಗಳ ಮುಂಚೆ ತಗೊಳ್ಳಿ, ಎರಡೂ ಒಟ್ಟಿಗೆ ಓಡಲಿ. ಮೊದಲು ಎಚ್‌ಆರ್‌ನಲ್ಲಿ ಗುಂಪು ಪಾಲಿಸಿ ಯಾವ ವಿಮಾ ಕಂಪನಿಯದು ಅಂತ ಕೇಳಿ. ಅದೇ ಕಂಪನಿಯ ಸ್ವಂತ ಪಾಲಿಸಿಗೆ ವರ್ಗಾಯಿಸಿಕೊಂಡರೆ ಇಷ್ಟು ವರ್ಷ ಕಾದದ್ದು ಲೆಕ್ಕಕ್ಕೆ ಸಿಗುತ್ತೆ. ಅರ್ಜಿಯಲ್ಲಿ ಇರೋ ಕಾಯಿಲೆ ಮುಚ್ಚಿಡಬೇಡಿ, ಕ್ಲೇಮ್ ಸಮಯದಲ್ಲಿ ಅದನ್ನೇ ಹಿಡೀತಾರೆ.

ಫ್ಯಾಕ್ಟರಿ ಪಾಲಿಸಿಯಲ್ಲಿ ಅತ್ತೆ ಮಾವ ಇದ್ದಾರಾ? ನೀವು ಹೇಳಿದ 26,000ದಲ್ಲಿ ಅವರಿಲ್ಲ.

ಇನ್ನೊಂದು ಯಾರೂ ನೆನಪಿಸಿಕೊಳ್ಳದ ವಿಷಯ. ಪಿಎಫ್ ಜೊತೆ ಇಡಿಎಲ್‌ಐ ಅಂತ ಜೀವ ವಿಮೆ ಇರುತ್ತೆ, ಗರಿಷ್ಠ 7 ಲಕ್ಷ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ ಸಿಗೋದು. ಕೆಲಸ ಬಿಟ್ಟರೆ ಅದೂ ಹೋಯ್ತು. ಹೈವೋಲ್ಟೇಜ್ ಪ್ಯಾನೆಲ್ ಮುಂದೆ ನಿಂತು ಕೆಲಸ ಮಾಡೋರು, ಸಂಬಳದ ಸ್ಲಿಪ್ ಇರುವಾಗಲೇ ಟರ್ಮ್ ಪಾಲಿಸಿ ತಗೊಳ್ಳಿ. ಆಮೇಲೆ ಸ್ವಂತ ದುಡಿಮೆಯವರಿಗೆ ಐಟಿ ರಿಟರ್ನ್ ಕೇಳ್ತಾರೆ, ಮೊದಲ ವರ್ಷ ಎಲ್ಲಿಂದ ತರೋದು?

ವಿಜಯನಗರ 4ನೇ ಹಂತ

ಅತ್ತೆ ಮಾವ ಇದ್ದಾರೆ, ಮಾವನಿಗೆ ಶುಗರ್. ಅವರಿಬ್ಬರಿಗೆ ಬೇರೆ ಕೇಳಬೇಕು, ಅದು ನನ್ನ ತಲೆಗೇ ಬಂದಿರಲಿಲ್ಲ. ಚೀಟಿ ವಿಷಯ ಮಂಡ್ಯದವರು ಬಿಟ್ಟರೆ ಬೇರೆ ಯಾರೂ ಹೇಳಲಿಲ್ಲ. ನೋಂದಾಯಿತ ಕಂಪನಿ ಚೀಟಿ, ಒಂದು ಲಕ್ಷದ್ದು, 20 ತಿಂಗಳು, 11 ಕಟ್ಟಿದೀವಿ, ಎತ್ತಿಲ್ಲ.

ಕ್ಯಾಷ್‌ಬುಕ್ ಮೈಸೂರು

ಇದರಲ್ಲಿ ಮಂಡ್ಯದವರ ಮಾತನ್ನ ನಾನು ಒಪ್ತೀನಿ, ಕಾರಣ ಬೇರೆ. ಚೀಟಿ ಎತ್ತುವಾಗ ಕಂಪನಿ ಜಾಮೀನು ಕೇಳುತ್ತೆ, ಸಂಬಳದಾರರ ಸ್ಲಿಪ್ಪೇ ಅವರಿಗೆ ಇಷ್ಟ. ಚೀಟಿ ನಿಮ್ಮನೆಯವರ ಹೆಸರಲ್ಲಿದ್ದರೆ ಕೆಲಸ ಬಿಟ್ಟ ಮೇಲೆ ಎತ್ತೋದು ಕಷ್ಟ ಆಗಬಹುದು. ಆದರೆ ಎತ್ತಿದ ದುಡ್ಡು ಕೆಲಸಕ್ಕಲ್ಲ, ಉಳಿದ 9 ಕಂತು ಕಟ್ಟೋಕೆ 45,000 ಪಕ್ಕಕ್ಕಿಟ್ಟು ಉಳಿದದ್ದು ಮನೆಯ ನಿಧಿಗೆ. ಚೀಟಿ ನಿಮ್ಮ ಹೆಸರಲ್ಲಿದ್ದರೆ ಆತುರ ಬೇಡ.

ಎಫ್‌ಡಿಯನ್ನೂ ಮುರೀಬೇಡಿ. ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್, ಅಂದರೆ ಓಡಿ ಮಾಡಿಸಿ, 90%ವರೆಗೆ ಕೊಡ್ತಾರೆ. ತೆಗೆದಷ್ಟಕ್ಕೆ, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಮೂರು ತಿಂಗಳು ಕಾಯೋ ಬಿಲ್ಲಿಗೆ ಇದಕ್ಕಿಂತ ಅಗ್ಗದ ದುಡ್ಡು ಸಿಗೋದು ಕಷ್ಟ. ಮನೆಯ 2,76,000 ಮಾತ್ರ ಓಡಿ ಇಲ್ಲದ ಬೇರೆ ಎಫ್‌ಡಿಯಲ್ಲಿರಲಿ.

ಮಂಡ್ಯದ ಮಗ

ಒಂದು ಡೌಟು. ಜಿಎಸ್‌ಟಿ ಮಾಡ್ಸಿದ್ರೆ ಗೃಹಲಕ್ಷ್ಮಿ ಎರಡು ಸಾವಿರ ಹೋಗುತ್ತೆ ಅಂತಾರಲ್ಲ? ಅದನ್ನೂ ಲೆಕ್ಕಕ್ಕೆ ಹಿಡೀಬೇಕಲ್ವಾ?

ಕ್ಯಾಷ್‌ಬುಕ್ ಮೈಸೂರು

ರೇಷನ್ ಕಾರ್ಡಲ್ಲಿ ಯಜಮಾನಿ ಯಾರು ಅನ್ನೋದರ ಮೇಲೆ. ನಿಯಮ ನೋಡೋದು ಯಜಮಾನಿ ಮತ್ತು ಆಕೆಯ ಗಂಡ ಆದಾಯ ತೆರಿಗೆ ಕಟ್ತಾರಾ, ಜಿಎಸ್‌ಟಿ ರಿಟರ್ನ್ ಹಾಕ್ತಾರಾ ಅಂತ. ಮೇಡಂ ಯಜಮಾನಿ ಆಗಿದ್ದರೆ ಹೋಗುತ್ತೆ, ವರ್ಷಕ್ಕೆ 24,000. ಅತ್ತೆ ಯಜಮಾನಿ ಆಗಿದ್ದರೆ ಮಗನ ಜಿಎಸ್‌ಟಿ ಆ ನಿಯಮದಲ್ಲಿ ಇಲ್ಲ.

ವಿಜಯನಗರ 4ನೇ ಹಂತ

ಅತ್ತೆ ಹೆಸರಲ್ಲೇ ಇದೆ.

ಎಲ್ಲಿಗೆ ಬಂದಾಗ ಸಾಕು ಅಂತ ನಿಲ್ಲಿಸಿ ಮತ್ತೆ ಕೆಲಸ ಹುಡುಕಬೇಕು? ಅದನ್ನು ಈಗಲೇ ಇಬ್ಬರೂ ಮಾತಾಡಿಕೊಂಡಿರಬೇಕು ಅನ್ನಿಸ್ತಿದೆ. ಆಮೇಲೆ ಕೇಳಿದರೆ ಜಗಳ ಆಗುತ್ತೆ.

ಕ್ಯಾಷ್‌ಬುಕ್ ಮೈಸೂರು

2,76,000 ಅರ್ಧಕ್ಕೆ, 1,38,000ಕ್ಕೆ ಇಳಿದಾಗ. ಕೆಲಸ ಸಿಗೋಕೆ ಎರಡು ಮೂರು ತಿಂಗಳು ಬೇಕು, ಅಷ್ಟು ದಿನ ಮನೆ ನಡೀಬೇಕು.

ನಂಜನಗೂಡು ಲೈನ್

ಸರ್, ಇದನ್ನ ನಾ ಒಪ್ಪಲ್ಲ. ಏಪ್ರಿಲ್‌ನಲ್ಲಿ ಶುರು ಮಾಡಿದ್ರೆ ಮೂರು ತಿಂಗಳಿಗೆ 1,49,000 ಹೋಗುತ್ತೆ ಅಂತ ನೀವೇ ಹೇಳಿದ್ರಿ. ಜೂನ್ ಕೊನೆಗೆ ಅರ್ಧ ದಾಟಿರುತ್ತೆ. ಮೊದಲ ಪೇಮೆಂಟು ಜುಲೈ 5ಕ್ಕೆ. ನಿಮ್ಮ ಗೆರೆ ಪ್ರಕಾರ ದುಡ್ಡು ಬರೋ ವಾರದ ಮುಂಚೆ ಅಂಗಡಿ ಮುಚ್ಚಬೇಕು. ಬ್ಯಾಂಕಲ್ಲಿರೋದು ಮಾತ್ರ ನೋಡ್ಬಾರ್ದು, ಸರ್ವಿಸ್ ಎಂಟ್ರಿ ಆದ ಬಿಲ್ ಎಷ್ಟಿದೆ ಅಂತ ಸೇರಿಸ್ಬೇಕು. ಎಂಟ್ರಿ ಆಗದ ಬಿಲ್ ಸೇರಿಸೋ ಹಾಗಿಲ್ಲ, ಅದು ಇನ್ನೂ ಬರೀ ಕಾಗದ.

ಕ್ಯಾಷ್‌ಬುಕ್ ಮೈಸೂರು

ಎಂಟ್ರಿ ಆದ ಬಿಲ್ಲೂ ತಡ ಆಗುತ್ತಲ್ಲ. ಉದ್ಯಮ್ ನೋಂದಣಿ ಕೆಲಸ ಶುರು ಮಾಡೋ ಮುಂಚೆಯೇ ಮಾಡಿಸಿ, ಅದು ಪೂರ್ತಿ ಉಚಿತ, ದುಡ್ಡು ಕೇಳೋ ವೆಬ್‌ಸೈಟ್ ಯಾವುದೂ ಸರ್ಕಾರದ್ದಲ್ಲ. ನೋಂದಣಿ ಆದ ಸಣ್ಣ ಉದ್ಯಮಕ್ಕೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಪಿಒದಲ್ಲಿ 60 ಅಂತಿದ್ದರೆ 45 ಮಾಡಿ ಅಂತ ಕೇಳೋಕೆ ಅದೇ ಆಧಾರ. ತಡ ಮಾಡಿ ಮಾರ್ಚ್ 31ರೊಳಗೂ ಕೊಡದಿದ್ದರೆ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ಆ ವರ್ಷ ತೋರಿಸೋಕಾಗಲ್ಲ, ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಅಕೌಂಟ್ಸ್‌ನವರೇ ಫೋನ್ ಮಾಡ್ತಾರೆ.

ನಂಜನಗೂಡು ಲೈನ್

ಕಾನೂನು ಸರಿ. ಆದ್ರೆ ಎರಡನೇ ಆರ್ಡರ್ ಬೇಕಾದೋನು ಮೊದಲ ಬಿಲ್ಲಿಗೆ ಕೇಸ್ ಹಾಕ್ತಾನಾ? ಮಟೀರಿಯಲ್ ಸೇರಿದ ವರ್ಕ್ಸ್ ಕಾಂಟ್ರಾಕ್ಟ್‌ಗೆ ಆ ಕಾನೂನು ಬರಲ್ಲ ಅಂತ ಕೋರ್ಟಲ್ಲಿ ವಾದ ಮಾಡಿ ಗೆದ್ದೋರೂ ಅವ್ರೆ. ಕಾಗದ ಇಟ್ಕೊಳ್ಳಿ, ಅದನ್ನೇ ನಂಬ್ಕೊಂಡು ಫೀಸ್ ಕಟ್ತೀನಿ ಅನ್ಬೇಡಿ.

ಕ್ಯಾಷ್‌ಬುಕ್ ಮೈಸೂರು

ಅದು ನಿಜ. ಗೆರೆ ಎಲ್ಲಿ ಎಳೀಬೇಕು ಅನ್ನೋದರಲ್ಲಿ ನಮ್ಮಿಬ್ಬರದ್ದು ಕೂಡಲಿಲ್ಲ, ನೀವಿಬ್ಬರೂ ಕೂತು ಒಂದು ನಿರ್ಧಾರ ಮಾಡಿ, ಬರೆದಿಡಿ.

ಆದರೆ ಮೇಡಂ, ತಾರೀಖನ್ನೇ ಬದಲಾಯಿಸೋಕೆ ಆಗುತ್ತಾ? ಅಕ್ಟೋಬರ್ 31ಕ್ಕೆ ಬಿಟ್ಟರೆ ಜೂನ್, ಅಕ್ಟೋಬರ್ ಎರಡೂ ಫೀಸು ಸಂಬಳದಿಂದಲೇ ಹೋಗಿರುತ್ತೆ. ನವೆಂಬರ್, ಡಿಸೆಂಬರ್, ಜನವರಿಗೆ ಮಾಮೂಲಿ ಕೊರತೆ 84,000, ಎಲ್‌ಐಸಿ 36,000, ಒಟ್ಟು 1,20,000. ಮೊದಲ ಮೂರು ತಿಂಗಳಲ್ಲಿ 29,000 ಕಮ್ಮಿ. ಚೀಟಿಯೂ ಅಷ್ಟೊತ್ತಿಗೆ ಮುಗಿದಿರುತ್ತೆ, ತಿಂಗಳಿಗೆ ಐದು ಸಾವಿರ ಅಲ್ಲೂ ಇಳಿಯುತ್ತೆ. ಅಷ್ಟರಲ್ಲಿ ಟರ್ಮ್ ಪಾಲಿಸಿ, ಆರೋಗ್ಯ ವಿಮೆಯ 30 ದಿನ, ಓಡಿ ಎಲ್ಲ ಮುಗಿಸಬಹುದು.

ವಿಜಯನಗರ 4ನೇ ಹಂತ

ರಾತ್ರಿ ಇಬ್ಬರೂ ಕೂತು ಎಲ್ಲಾ ಓದಿದೆವು. ಅಕ್ಟೋಬರ್ ಅಂದ್ರೆ ಅವರಿಗೆ ಬೇಜಾರು, ಈಗ ಮಾತಾಗಿರೋ ಎರಡು ಕಡೆ ಅಷ್ಟು ದಿನ ಕಾಯಲ್ಲ ಅಂತಾರೆ. ಅದರಲ್ಲಿ ಒಂದು ಕಡೆ ಮಟೀರಿಯಲ್ ನಾವೇ ಕೊಡ್ತೀವಿ ಅಂತ ಒಪ್ಪಿದ್ದಾರೆ, ಜಿಎಸ್‌ಟಿ ನಂಬರ್ ಬೇಡ ಅಂದ್ರು. ಇನ್ನೊಂದು ಕಡೆ ಅಡ್ವಾನ್ಸ್ ಕೊಡಲ್ಲ ಅಂದರು, ಅದನ್ನು ಬಿಟ್ಟೆವು. ಜೂನ್ ಫೀಸ್ ಕಟ್ಟಿದ ಮೇಲೆ, ಜೂನ್ 30ಕ್ಕೆ ಬಿಡೋದು ಅಂತ ಈಗಿನ ಮಾತು. ಏಪ್ರಿಲ್ ಕೊನೆಗೆ ನೋಟಿಸ್ ಕೊಡ್ತಾರೆ. ಸೋಮವಾರ ಎಚ್‌ಆರ್‌ನಲ್ಲಿ ವಿಮಾ ಕಂಪನಿ ಹೆಸರು ಕೇಳ್ಕೊಂಡು ಬರ್ತಾರೆ. ನಾನು ಬ್ಯಾಂಕಿಗೆ ಹೋಗಿ ಕಂತಿನ ಖಾತೆ ಬದಲಾಯಿಸ್ತೀನಿ. ವಸುಧಾ ಅವರೇ, ಮಾವನ ಪಾಲಿಸಿ ಬಗ್ಗೆ ನಿಮಗೆ ಬೇರೆಯಾಗಿ ಬರೀತೀನಿ, ಅವರಿಗೆ 71.

ಸರಸ್ವತಿಪುರಂ ವಸುಧಾ

ಬರೀರಿ. ಬರೆಯೋ ಮುಂಚೆ ಅವರ ಕೊನೆಯ ಎಚ್‌ಬಿಎ1ಸಿ ಶುಗರ್ ಟೆಸ್ಟ್ ರಿಪೋರ್ಟು, ಈಗ ತಗೊಳ್ತಿರೋ ಮಾತ್ರೆಗಳ ಹೆಸರು, ಗುಂಪು ಪಾಲಿಸಿಗೆ ಅವರನ್ನು ಸೇರಿಸಿದ ವರ್ಷ, ಈ ಮೂರು ತೆಗೆದಿಟ್ಟುಕೊಳ್ಳಿ.